ದೂರು ಪೆಟ್ಟಿಗೆ ಯಾರ ಕೈಯಲ್ಲಿ?

1979, ದೆಹಲಿಯ ತಿಹಾರ್ ಜೈಲು. ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಕಾಗದ ಬರೆದ. ತನ್ನ ಜೀವ ಉಳಿಸಿ ಅಂತಲ್ಲ; ಇನ್ನೊಬ್ಬ ಕೈದಿಗೆ ವಾರ್ಡರ್ ಚಿತ್ರಹಿಂಸೆ ಕೊಟ್ಟಿದ್ದಾನೆ ಅಂತ. ಕೋರ್ಟು ಆ ಕಾಗದವನ್ನೇ ಅರ್ಜಿ ಅಂತ ತೆಗೆದುಕೊಂಡಿತು.

ಜೈಲಿನ ನಿಯಮ ಮುರಿದರೆ ಅಧೀಕ್ಷಕರು ಎಚ್ಚರಿಕೆ ಕೊಡಬಹುದು. ಆದರೆ ಒಂಟಿ ಕೋಣೆಗೆ ಹಾಕುವಂಥ ಕಠಿಣ ಶಿಕ್ಷೆಗೆ ಮಾತ್ರವಲ್ಲ, ಸವಲತ್ತು ಕಡಿತಕ್ಕೂ ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆ ಬೇಕು ಎಂದಿತು ತೀರ್ಪು. ತುರ್ತು ಇದ್ದರೆ? ಎರಡು ದಿನದೊಳಗೆ ಅವರಿಗೆ ತಿಳಿಸಬೇಕು. ಇನ್ನು ಅಪರಾಧಕ್ಕೆ ಕೋರ್ಟೇ ವಿಧಿಸುವ ಏಕಾಂತ ಸೆರೆಗೂ ಮಿತಿಯಿದೆ: ಒಮ್ಮೆಗೆ 14 ದಿನ, ಒಟ್ಟು 3 ತಿಂಗಳು ಮೀರುವಂತಿಲ್ಲ.

ಆ ತೀರ್ಪಿನಲ್ಲಿ ನನಗೆ ಜಾಣತನ ಕಂಡಿದ್ದು ಒಂದು ಸಣ್ಣ ಪೆಟ್ಟಿಗೆಯಲ್ಲಿ. ಜೈಲಿನೊಳಗೆ ದೂರು ಪೆಟ್ಟಿಗೆ ಇಡಬೇಕು, ಅದರ ಉಸ್ತುವಾರಿ ಮಾತ್ರ ಜೈಲಿನವರದಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ನ್ಯಾಯಾಧೀಶರ ಆದೇಶದಂತೆ ಅದು ನಡೆಯಬೇಕು. ಹೊಡೆದವನೇ ದೂರು ಓದಿದರೆ ಏನಾಗುತ್ತೆ ಹೇಳಿ?

ನಿಮ್ಮವರು ಯಾರಾದರೂ ಒಳಗಿದ್ದಾರಾ? ಭೇಟಿಯ ದಿನ ಆ ಪೆಟ್ಟಿಗೆ ಇದೆಯಾ ಕೇಳಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ.