ಒತ್ತಿದರೂ ದಪ್ಪವಾಗದ ಗೆರೆ

ಪೆನ್ನು ಓಡಿಸಿದರೆ ಗೆರೆ ಬೀಳುತ್ತದೆ, ಆದರೆ ತುದಿಯಿಂದ ತುದಿಗೆ ಒಂದೇ ದಪ್ಪ. ಹಗುರಾಗಿ ಎಳೆದರೂ ಅಷ್ಟೇ, ಕೈಭಾರ ಹಾಕಿದರೂ ಅಷ್ಟೇ. ಇಲ್ಲವೇ ಕೈ ಮುಂದೆ ಹೋಗಿ, ಗೆರೆ ಹಿಂದಿನಿಂದ ತೆವಳಿಕೊಂಡು ಬರುತ್ತದೆ. ಡ್ರಾಯಿಂಗ್ ಟ್ಯಾಬ್ಲೆಟ್ ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಈ ಎರಡರಲ್ಲಿ ಒಂದು ತೊಂದರೆ ಕಾಡುತ್ತದೆ. ಕೊರೋನಾ ಕಾಲದ ಆನ್‌ಲೈನ್ ಪಾಠಕ್ಕೆಂದು ಟ್ಯಾಬ್ಲೆಟ್ ಕೊಂಡ ಮೇಷ್ಟ್ರುಗಳಿಗೆ ದಪ್ಪ ಸಣ್ಣದ ಚಿಂತೆ ಇರಲಿಲ್ಲ, ಅಕ್ಷರ ಮೂಡಿದರೆ ಸಾಕಿತ್ತು. ಚಿತ್ರ ಬರೆಯುವವರಿಗೆ ಮಾತ್ರ ಒತ್ತಡ ಹೋಯಿತೆಂದರೆ ಕೆಲಸವೇ ನಿಂತಂತೆ.

ಆಗ ಹೆಚ್ಚಿನವರು ಮೊದಲು ಮಾಡುವುದು ಹೊಸ ನಿಬ್ಬುಗಳ ಪೊಟ್ಟಣ ತರಿಸುವುದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ತೊಂದರೆ ರಾತ್ರಿ ಬೆಳಗಾಗುವುದರಲ್ಲಿ ಬಂತೋ, ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯಿತೋ? ನಿನ್ನೆ ಚೆನ್ನಾಗಿದ್ದ ಒತ್ತಡ ಇಂದು ಪೂರ್ತಿ ಮಾಯವಾಗಿದ್ದರೆ ಅನುಮಾನ ಮೊದಲು ಹೋಗಬೇಕಾದದ್ದು ಕಂಪ್ಯೂಟರಿನೊಳಗಿನ ಡ್ರೈವರ್ ಕಡೆಗೆ. ಮೆಲ್ಲಗೆ ಎಳೆದ ಗೆರೆಗಳು ಮಾತ್ರ ಸ್ವಲ್ಪ ಸ್ವಲ್ಪವಾಗಿ ಕಾಣೆಯಾಗುತ್ತ ಬಂದಿದ್ದರೆ ನಿಬ್ಬನ್ನೋ ಪೆನ್ನಿನೊಳಗಿನ ಸಂವೇದಕವನ್ನೋ ನೋಡಬೇಕು. ಸವೆತ ಎಂಬುದು ಒಂದೇ ರಾತ್ರಿಯಲ್ಲಿ ಆಗುವಂಥದ್ದಲ್ಲ.

ಇದು ಯಾಕೆ ಹೀಗೆ ಎಂದು ತಿಳಿಯಲು ಪೆನ್ನಿನೊಳಗೆ ಇಣುಕಬೇಕು. ಜಪಾನಿನ ವಾಕಾಮ್ ಕಂಪನಿ ಬೆಳೆಸಿದ, ಈಗ ಹ್ಯುಯಾನ್, ಎಕ್ಸ್‌ಪಿ-ಪೆನ್ ಮೊದಲಾದವರೂ ಬಳಸುವ ವಿಧಾನದಲ್ಲಿ ಪೆನ್ನಿಗೆ ಬ್ಯಾಟರಿಯೇ ಇರುವುದಿಲ್ಲ. ಟ್ಯಾಬ್ಲೆಟ್ಟಿನ ಹಲಗೆಯಡಿ ತಂತಿಗಳ ಜಾಲವಿದೆ. ಅದು ಕ್ಷಣಮಾತ್ರ ಕಾಂತೀಯ ಸಂಕೇತ ಕಳಿಸಿ, ಮರುಕ್ಷಣ ಸುಮ್ಮನಾಗಿ ಆಲಿಸುತ್ತದೆ. ಪೆನ್ನಿನೊಳಗಿನ ಪುಟ್ಟ ಸುರುಳಿ ಆ ಶಕ್ತಿಯನ್ನು ಹೀರಿ, ತನ್ನದೇ ಆವರ್ತನದಲ್ಲಿ ಮಿಡಿದು ಹಿಂದಿರುಗಿಸುತ್ತದೆ. ಮಿಡಿತ ಎಲ್ಲಿ ಜೋರಾಗಿ ಕೇಳಿಸಿತು ಎನ್ನುವುದರಿಂದ ಪೆನ್ನು ಎಲ್ಲಿದೆ ಎಂದು ಗೊತ್ತಾಗುತ್ತದೆ. ನಿಬ್ಬನ್ನು ಒತ್ತಿದಾಗ ಅದರ ಹಿಂತುದಿ ಒಳಗಿನ ಸಂವೇದಕವನ್ನು ಕೂದಲೆಳೆಯಷ್ಟು ತಳ್ಳುತ್ತದೆ, ಮಿಡಿತ ಬದಲಾಗುತ್ತದೆ, ಆ ಬದಲಾವಣೆಯನ್ನೇ ಟ್ಯಾಬ್ಲೆಟ್ 0ಯಿಂದ 8191ರವರೆಗಿನ ಒಂದು ಅಂಕಿಯಾಗಿ ಓದುತ್ತದೆ. ಡಬ್ಬಿಯ ಮೇಲೆ ಬರೆದಿರುವ 8192 ಮಟ್ಟಗಳು ಎಂದರೆ ಇದೇ.

ಅಂದರೆ ನಿಬ್ಬು ಬರೀ ಒಂದು ಪ್ಲಾಸ್ಟಿಕ್ ಕಡ್ಡಿ. ಅದಕ್ಕೆ ಒತ್ತಡ ಅಳೆಯುವುದು ಗೊತ್ತಿಲ್ಲ, ತಳ್ಳುವುದಷ್ಟೇ ಗೊತ್ತು. ಅಳೆದ ಅಂಕಿ ಟ್ಯಾಬ್ಲೆಟ್ಟಿನಿಂದ ಡ್ರೈವರಿಗೆ, ಡ್ರೈವರಿನಿಂದ ವಿಂಡೋಸ್‌ಗೆ, ಅಲ್ಲಿಂದ ಚಿತ್ರ ಬರೆಯುವ ತಂತ್ರಾಂಶಕ್ಕೆ, ಕೊನೆಗೆ ಆಯ್ದುಕೊಂಡ ಬ್ರಷ್‌ಗೆ ತಲುಪಬೇಕು. ದುರಸ್ತಿ ಎಂದರೆ ಈ ಹಾದಿಯಲ್ಲಿ ಅಂಕಿ ಎಲ್ಲಿ ಕಳೆದುಹೋಯಿತು ಎಂದು ಹುಡುಕುವುದು.

ಒಂದು ಮಾದರಿ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಹುಬ್ಬಳ್ಳಿಯಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಒಬ್ಬಾಕೆ ಹಳೆಯ ಟ್ಯಾಬ್ಲೆಟ್ ಬಿಟ್ಟು ಬೇರೆ ಕಂಪನಿಯ ಹೊಸದನ್ನು ಕೊಂಡಿದ್ದಾರೆ. ಹೊಸ ಡ್ರೈವರ್ ಹಾಕಿದ್ದಾರೆ, ಹಳೆಯದನ್ನು ತೆಗೆದಿಲ್ಲ. ಉಚಿತ ತಂತ್ರಾಂಶವಾದ ಕ್ರಿಟಾದಲ್ಲಿ ಕರ್ಸರ್ ಓಡುತ್ತದೆ, ಒತ್ತಡವಿಲ್ಲ. ಅವರು ಮೊದಲು ಡ್ರೈವರಿನ ಸ್ವಂತ ಸೆಟ್ಟಿಂಗ್ ತೆರೆಯಬೇಕು. ಸಾಮಾನ್ಯವಾಗಿ ಎಲ್ಲ ಕಂಪನಿಗಳ ಡ್ರೈವರಿನಲ್ಲೂ ಒತ್ತಡ ಪರೀಕ್ಷಿಸುವ ಚೌಕವೋ ಏರಿಳಿಯುವ ಪಟ್ಟಿಯೋ ಇರುತ್ತದೆ. ಅಲ್ಲಿ ಒತ್ತಿದಾಗ ಪಟ್ಟಿ ಸರಾಗವಾಗಿ ಏರಿತು ಎಂದರೆ ಪೆನ್ನು, ನಿಬ್ಬು, ಹಲಗೆ ಮೂರೂ ನಿರಪರಾಧಿಗಳು. ಹೊಸ ನಿಬ್ಬಿನ ದುಡ್ಡು ಅಲ್ಲಿಗೇ ಉಳಿಯಿತು.

ಮುಂದಿನ ನಿಲ್ದಾಣ ವಿಂಡೋಸ್. ಒತ್ತಡದ ಅಂಕಿ ತಂತ್ರಾಂಶದೊಳಗೆ ಹೋಗಲು ಇಲ್ಲಿ ಎರಡು ಬಾಗಿಲುಗಳಿವೆ. ಒಂದು ಹಳೆಯ ವಿನ್‌ಟ್ಯಾಬ್, ಇನ್ನೊಂದು ಮೈಕ್ರೋಸಾಫ್ಟಿನದೇ ಆದ ವಿಂಡೋಸ್ ಇಂಕ್. ಡ್ರೈವರ್ ಒಂದು ಬಾಗಿಲಲ್ಲಿ ಅಂಕಿ ಹಿಡಿದು ನಿಂತಿದ್ದು, ತಂತ್ರಾಂಶ ಇನ್ನೊಂದರಲ್ಲಿ ಕಾಯುತ್ತಿದ್ದರೆ ಇಬ್ಬರಿಗೂ ಭೇಟಿಯೇ ಆಗುವುದಿಲ್ಲ. ಆಕೆ ಕ್ರಿಟಾದಲ್ಲಿ `Settings > Configure Krita > Tablet settings` ತೆರೆದು, ಡ್ರೈವರಿನಲ್ಲೂ ವಿಂಡೋಸ್ ಇಂಕ್ ಚಾಲೂ ಮಾಡಿ, ಕ್ರಿಟಾವನ್ನು ವಿನ್‌ಟ್ಯಾಬ್‌ನಿಂದ ವಿಂಡೋಸ್ ಇಂಕ್‌ಗೆ ಬದಲಿಸಿ ಮತ್ತೆ ಶುರು ಮಾಡುತ್ತಾರೆ. ಒತ್ತಡ ಬಂತು! ಹಾಗಾದರೆ ಕೆಟ್ಟಿರುವುದು ವಿನ್‌ಟ್ಯಾಬ್ ಬಾಗಿಲು. ಕಾರಣವೂ ಈಗ ಊಹೆಗೆ ಸಿಗುತ್ತದೆ: ವಿನ್‌ಟ್ಯಾಬ್ ಕೆಲಸ ಮಾಡುವುದು `wintab32.dll` ಎಂಬ ಒಂದೇ ಕಡತದ ಮೂಲಕ, ಪ್ರತಿ ಕಂಪನಿಯ ಡ್ರೈವರೂ ಅದೇ ಹೆಸರಿನಲ್ಲಿ ತನ್ನದನ್ನು ಇಡುತ್ತದೆ. ಎರಡು ಡ್ರೈವರ್ ಇದ್ದ ಕಡೆ ಜಗಳ ತಪ್ಪಿದ್ದಲ್ಲ. ಎರಡನ್ನೂ ಅಳಿಸಿ, ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ, ಆಮೇಲೆ ಹೊಸದೊಂದನ್ನೇ ಹಾಕಿದರೆ ಎರಡೂ ಬಾಗಿಲು ತೆರೆಯುತ್ತವೆ. ನಡುವಿನ ರೀಸ್ಟಾರ್ಟ್ ಬಿಟ್ಟವರು ಇದೇ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುವುದುಂಟು.

ಫೋಟೋಶಾಪ್ ಬಳಸುವವರಿಗೆ ಒಂದು ಸುಳಿವು ಪುಕ್ಕಟೆ ಸಿಗುತ್ತದೆ. ಬ್ರಷ್ ಸೆಟ್ಟಿಂಗಿನಲ್ಲಿ `Pen Pressure` ಆಯ್ದಾಗ ಪಕ್ಕದಲ್ಲಿ ಉದ್ಗಾರ ಚಿಹ್ನೆಯ ಪುಟ್ಟ ತ್ರಿಕೋನ ಕಂಡರೆ, ಒತ್ತಡ ಕೊಡುವ ಸಾಧನವೇ ತನಗೆ ಕಾಣುತ್ತಿಲ್ಲ ಎಂದು ಅದು ಹೇಳುತ್ತಿದೆ. ಫೋಟೋಶಾಪ್ ಸಾಮಾನ್ಯವಾಗಿ ವಿಂಡೋಸ್ ಇಂಕ್ ಬಾಗಿಲಲ್ಲೇ ಕಾಯುತ್ತದೆ. ಅದನ್ನು ವಿನ್‌ಟ್ಯಾಬ್ ಕಡೆ ತಿರುಗಿಸಬೇಕಾದರೆ ಅದರ ಸೆಟ್ಟಿಂಗ್ ಫೋಲ್ಡರಿನಲ್ಲಿ `PSUserConfig.txt` ಎಂಬ ಕಡತ ಮಾಡಿ ಈ ಎರಡು ಸಾಲು ಬರೆದಿಡಬೇಕು.

```
# Use WinTab
UseSystemStylus 0
```

ತ್ರಿಕೋನವೂ ಇಲ್ಲ, ಒತ್ತಡವೂ ಇಲ್ಲ ಎಂದರೆ ಆ ಬ್ರಷ್‌ನಲ್ಲಿ ಒತ್ತಡವನ್ನು ಯಾವುದಕ್ಕೂ ಜೋಡಿಸಿಲ್ಲ ಎಂದಷ್ಟೇ ಅರ್ಥ. ಬೇರೆ ಬ್ರಷ್ ಹಿಡಿದು ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಇನ್ನು ತಡವಾಗಿ ಬರುವ ಗೆರೆ. ಇದು ಬೇರೆಯದೇ ಕಾಯಿಲೆ, ಒತ್ತಡದ ಮದ್ದು ಇದಕ್ಕೆ ಹತ್ತುವುದಿಲ್ಲ. ಪೆನ್ನನ್ನು ಹಲಗೆಗೆ ತಾಗಿಸದೆ, ಅರ್ಧ ಸೆಂಟಿಮೀಟರ್ ಮೇಲೆ ಹಿಡಿದು ಗುಂಡಗೆ ತಿರುಗಿಸಬೇಕು. ಕರ್ಸರ್ ಕೈಯ ಜೊತೆಗೇ ಸುತ್ತುತ್ತಿದ್ದು, ಗೆರೆ ಎಳೆದಾಗ ಮಾತ್ರ ಹಿಂದುಳಿದರೆ ತಪ್ಪು ತಂತ್ರಾಂಶದ್ದು. ಬ್ರಷ್‌ಗೆ ಇರುವ ಸ್ಮೂದಿಂಗ್ ಅಥವಾ ಸ್ಟೆಬಿಲೈಸರ್ ಕೈನಡುಕ ಮುಚ್ಚಲೆಂದು ಗೆರೆಯನ್ನು ಬೇಕೆಂದೇ ತಡೆದು ಬಿಡುತ್ತದೆ. ಅದನ್ನು ಸೊನ್ನೆಗೆ ಇಳಿಸಿ ನೋಡಬೇಕು. ಆಮೇಲೂ ತಡವೆಂದರೆ ಅದೇ ಬ್ರಷ್ಷನ್ನು ಒಂದು ಚಿಕ್ಕ ಹೊಸ ಹಾಳೆಯಲ್ಲಿ ಓಡಿಸಬೇಕು. ಅಲ್ಲಿ ಸಲೀಸಾಗಿ ಹೋದರೆ ಭಾರವಾಗಿರುವುದು ಪದರಗಳು ತುಂಬಿದ ದೊಡ್ಡ ಚಿತ್ರವೇ ಹೊರತು ಟ್ಯಾಬ್ಲೆಟ್ ಅಲ್ಲ. ಗಾಳಿಯಲ್ಲಿ ತಿರುಗಿಸಿದಾಗಲೇ ಕರ್ಸರ್ ತೊದಲಿದರೆ ಸಂಪರ್ಕ ನೋಡಬೇಕು. ಬ್ಲೂಟೂತ್ ಬಿಟ್ಟು ತಂತಿ ಹಾಕುವುದು, ಯುಎಸ್‌ಬಿ ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿಗೇ ಚುಚ್ಚುವುದು ಇಲ್ಲಿನ ಮೊದಲ ಪರೀಕ್ಷೆ.

ಗೆರೆಯ ಆರಂಭದಲ್ಲಿ ಮಾತ್ರ ಒಂದು ಕ್ಷಣ ತಡ, ಪೆನ್ನಿನ ತುದಿಯಲ್ಲಿ ಉಂಗುರದಂಥ ವೃತ್ತ ಮೂಡುತ್ತದೆ ಎಂದಾದರೆ ರೋಗ ಹಿಡಿದಂತೆಯೇ. ಒತ್ತಿ ಹಿಡಿದರೆ ರೈಟ್ ಕ್ಲಿಕ್ ಆಗಲಿ ಎಂದು ವಿಂಡೋಸ್ ಮಾಡಿಕೊಂಡ ಏರ್ಪಾಡು ಅದು. ಕಂಟ್ರೋಲ್ ಪ್ಯಾನೆಲ್‌ನ `Pen and Touch` ಒಳಗೆ `Press and hold` ಆಯ್ದು ಅದನ್ನು ಆರಿಸಬಹುದು. ಚಿಕ್ಕ ಚಿಕ್ಕ ಗೀಟು ಹಾಕಿ ನೆರಳು ತುಂಬುವವರಿಗೆ ಇದು ಕೊಡುವ ಕಿರಿಕಿರಿ ಅಷ್ಟಿಷ್ಟಲ್ಲ.

ಈಗ ನಿಬ್ಬಿನ ಸರದಿ. ಡ್ರೈವರಿನ ಪರೀಕ್ಷಾ ಪಟ್ಟಿಯಲ್ಲೇ ಒತ್ತಡ ಸರಿಯಾಗಿ ಏರದಿದ್ದರೆ ಮಾತ್ರ ಇಲ್ಲಿಗೆ ಬರಬೇಕು. ಹೊಸ ನಿಬ್ಬಿನ ತುದಿ ಗುಂಡಗಿರುತ್ತದೆ. ಪೆನ್ನನ್ನು ಯಾವಾಗಲೂ ಒಂದೇ ಓರೆಯಲ್ಲಿ ಹಿಡಿಯುವುದರಿಂದ ಅದು ಒಂದು ಮಗ್ಗುಲಲ್ಲಿ ಸವೆದು ಉಳಿಯ ಬಾಯಂತೆ ಚಪ್ಪಟೆಯಾಗುತ್ತದೆ. ಆ ಚೂಪು ಅಂಚು ಹಲಗೆಯನ್ನು ಗೀರುತ್ತದೆ, ಗೀರಿದ ಹಲಗೆ ನಿಬ್ಬನ್ನು ಇನ್ನಷ್ಟು ಬೇಗ ತಿನ್ನುತ್ತದೆ. ಹೊರಗೆ ಕಾಣುವ ತುದಿ ಸುಮಾರು ಒಂದು ಮಿಲಿಮೀಟರಿಗೆ ಇಳಿದರೆ ಬದಲಿಸುವ ಹೊತ್ತು. ಅದಕ್ಕೂ ಕಡಿಮೆಯಾದರೆ ನಿಬ್ಬಿಗಿಂತ ಮೊದಲು ಪೆನ್ನಿನ ಮೂತಿಯೇ ಹಲಗೆಗೆ ತಾಗಿ, ಮೆಲ್ಲಗಿನ ಒತ್ತಡ ಸಂವೇದಕ ಮುಟ್ಟುವುದೇ ಇಲ್ಲ. ಕಾಗದದಂತೆ ತರಿತರಿಯಾದ ಹಾಳೆ ಅಂಟಿಸಿದವರಿಗೆ, ಫೆಲ್ಟ್ ನಿಬ್ಬು ಬಳಸುವವರಿಗೆ ಈ ದಿನ ಬೇಗ ಬರುತ್ತದೆ.

ತೆಗೆಯುವಾಗ ಟ್ಯಾಬ್ಲೆಟ್ ಜೊತೆ ಬಂದ ಉಂಗುರದಿಂದಲೋ ಚಿಮುಟದಿಂದಲೋ ಹಿಡಿದು ನೇರಕ್ಕೆ ಎಳೆಯಬೇಕು. ಓರೆ ಎಳೆದರೆ ತುಂಡು ಒಳಗೇ ಉಳಿಯುತ್ತದೆ. ಹೊಸದನ್ನು ಇನ್ನು ಮುಂದೆ ಹೋಗದು ಎನ್ನುವವರೆಗೆ ನೇರಕ್ಕೆ ತಳ್ಳಬೇಕು. ಅರ್ಧಕ್ಕೆ ನಿಂತ ನಿಬ್ಬು, ಸವೆದ ನಿಬ್ಬಿನಷ್ಟೇ ಗೋಳು ಹೊಯ್ದುಕೊಳ್ಳುತ್ತದೆ. ಬದಲಿ ನಿಬ್ಬುಗಳಿಗಾಗಿ ಅಂಗಡಿ ಹುಡುಕುವ ಮುನ್ನ ಪೆನ್ನಿನ ಸ್ಟ್ಯಾಂಡ್ ತಿರುಗಿಸಿ ಬುಡ ಬಿಚ್ಚಿ ನೋಡುವುದು ಒಳ್ಳೆಯದು. ಅನೇಕ ಮಾದರಿಗಳಲ್ಲಿ ಅವು ಅಲ್ಲೇ ಅಡಗಿರುತ್ತವೆ.

ಹಲಗೆಯ ಮೇಲಿನ ಗೀರು ಕಣ್ಣಿಗೆ ಚುಚ್ಚಿದರೂ ಒತ್ತಡಕ್ಕೆ ಅಷ್ಟೇನೂ ಧಕ್ಕೆ ಮಾಡುವುದಿಲ್ಲ, ಏಕೆಂದರೆ ಕಾಂತೀಯ ಸಂಕೇತ ಪ್ಲಾಸ್ಟಿಕ್ಕನ್ನು ಸಲೀಸಾಗಿ ದಾಟುತ್ತದೆ. ತೊಂದರೆ ಕೊಡುವುದು ಹಲಗೆಯ ಕೆಳಗಿರುವ ವಸ್ತು. ಕಬ್ಬಿಣದ ಮೇಜು, ಸ್ಪೀಕರ್, ಆಯಸ್ಕಾಂತವಿರುವ ಮೊಬೈಲ್ ಕವರ್ ಹತ್ತಿರವಿದ್ದರೆ ಗೆರೆ ನಡುಗುತ್ತದೆ, ಕರ್ಸರ್ ಒಂದು ಜಾಗದಲ್ಲಿ ಜಿಗಿಯುತ್ತದೆ. ಟ್ಯಾಬ್ಲೆಟ್ಟನ್ನು ಮರದ ಮೇಜಿಗೆ ಸಾಗಿಸಿದರೆ ಉತ್ತರ ಸಿಗುತ್ತದೆ.

ಬ್ಯಾಟರಿಯ ಪ್ರಶ್ನೆ ಏಳುವುದು ಆ್ಯಪಲ್ ಪೆನ್ಸಿಲ್, ಸರ್ಫೇಸ್ ಪೆನ್ನಿನಂಥವುಗಳಲ್ಲಿ. ಚಾರ್ಜ್ ಕುಗ್ಗಿದಾಗ ಗೆರೆ ನಡುನಡುವೆ ತುಂಡಾಗುವುದು ಇಂಥ ಪೆನ್ನುಗಳ ಲಕ್ಷಣ. ಹಳೆಯ ಸರ್ಫೇಸ್ ಪೆನ್ನು ಕೇಳುವ ಎಎಎಎ ಸೆಲ್, ರಿಮೋಟಿಗೆ ಹಾಕುವ ಎಎಎಗಿಂತ ತೆಳ್ಳಗಿದ್ದು, ಓಣಿಯ ಅಂಗಡಿಯಲ್ಲಿ ಸಿಗುವುದು ಕಷ್ಟ. ಹೊಸ ಸೆಲ್ ಹಾಕಿದರೂ ಗುಣವಾಗದಿದ್ದರೆ ಲೋಹದ ಸಂಪರ್ಕದ ಮೇಲೆ ಸೋರಿದ ಸೆಲ್ಲಿನ ಬಿಳಿ ಪುಡಿ ಕೂತಿದೆಯೇ ನೋಡಬೇಕು. ಇಂಥ ಪೆನ್ನು ಚಾರ್ಜಿಗೆ ಹಾಕಿದ ಪರದೆಯ ಮೇಲೆ ಮಾತ್ರ ನಡುಗುತ್ತದೆಯೇ? ಹಾಗಿದ್ದರೆ ತಪ್ಪು ಗೋಡೆಯಲ್ಲಿರಬಹುದು. ಅರ್ಥಿಂಗ್ ಸರಿಯಿಲ್ಲದ ಪ್ಲಗ್ಗಿನಿಂದ ಬರುವ ಗದ್ದಲ ಪರದೆಯನ್ನು ದಿಕ್ಕು ತಪ್ಪಿಸುತ್ತದೆ. ಚಾರ್ಜರ್ ಕಿತ್ತು ಎರಡು ಗೆರೆ ಎಳೆದರೆ ಖಾತ್ರಿಯಾಗುತ್ತದೆ.

ಇಷ್ಟೆಲ್ಲ ಆದಮೇಲೂ ಉಳಿಯುವುದು ಸಂವೇದಕವೇ ಸೋತ ಪ್ರಸಂಗ. ಪೆನ್ನು ಗಾಳಿಯಲ್ಲಿದ್ದಾಗ ಡ್ರೈವರಿನ ಪಟ್ಟಿ ಸೊನ್ನೆಯಲ್ಲಿರಬೇಕು. ಎತ್ತಿ ಹಿಡಿದರೂ ಅಂಕಿ ತೋರಿಸುತ್ತಿದ್ದರೆ, ತಾಗಿಸದೆಯೇ ಗೆರೆ ಬೀಳುತ್ತಿದ್ದರೆ, ನಿಬ್ಬು ತೆಗೆದು ದೂಳು ಕೊಡವಿ ಮತ್ತೆ ಹಾಕಿ ನೋಡಬೇಕು. ಪೆನ್ನನ್ನು ತಲೆಕೆಳಗಾಗಿ ಲೋಟದಲ್ಲಿ ನಿಲ್ಲಿಸುವ ಅಭ್ಯಾಸ ಹಲವರಿಗಿದೆ. ನಿಬ್ಬು ರಾತ್ರಿಯಿಡೀ ಒತ್ತಿಕೊಂಡೇ ಇರುವುದು ಸಂವೇದಕಕ್ಕೆ ಒಳ್ಳೆಯದಲ್ಲ. ಅಂಕಿ ಆಮೇಲೂ ಇಳಿಯದಿದ್ದರೆ ಅದೇ ಮಾದರಿಯ ಇನ್ನೊಬ್ಬರ ಪೆನ್ನು ತಂದು ಪರೀಕ್ಷಿಸಬೇಕು. ಅದು ಸರಿಯಾಗಿ ನಡೆದರೆ ಕೊಳ್ಳಬೇಕಾದದ್ದು ಪೆನ್ನು ಮಾತ್ರ, ಇಡೀ ಟ್ಯಾಬ್ಲೆಟ್ ಅಲ್ಲ. ಕೊಳ್ಳುವಾಗ ಹೆಸರಿಗಿಂತ ಮಾದರಿ ಸಂಖ್ಯೆ ನೋಡುವುದು ಮುಖ್ಯ. ವಾಕಾಮ್‌ನ ಚಿಕ್ಕ ಇಂಟುವೋಸ್ `CTL-4100`ಗೆ ಬೇಕಾದದ್ದು `LP-1100K` ಪೆನ್ನು. ಅದೇ ಕಂಪನಿಯ ದುಬಾರಿ ಪ್ರೋ ಪೆನ್ 2 ತಂದರೆ ಅದರ ಮೇಲೆ ಗೆರೆಯೇ ಮೂಡುವುದಿಲ್ಲ.