ಶಿಬಿರಕ್ಕೆ ಬರುವವರೆಷ್ಟು: ಯುವಕ ಮಂಡಲದ ಸೂಚನೆ ಮತ್ತು ಫೇಸ್‌ಬುಕ್ ಈವೆಂಟ್

ಊರಿನ ಯುವಕ ಮಂಡಲ ರಕ್ತದಾನ ಶಿಬಿರ ಇಟ್ಟುಕೊಂಡಾಗ ರಕ್ತನಿಧಿಯವರು ಮೊದಲು ಕೇಳುವುದು ಎಷ್ಟು ಮಂದಿ ಬರಬಹುದು ಎಂದು. ಎಷ್ಟು ಚೀಲ, ಎಷ್ಟು ಹಾಸಿಗೆ, ಎಷ್ಟು ಸಿಬ್ಬಂದಿ ತರಬೇಕೆಂಬುದು ಆ ಉತ್ತರದ ಮೇಲೆ ನಿಂತಿದೆ. ಈ ಅಂದಾಜು ಮೊದಲೇ ಸಿಗಲಿ ಎಂದು ಫೇಸ್‌ಬುಕ್‌ನಲ್ಲಿ ಈವೆಂಟ್ ಪುಟ ತೆರೆಯುವುದುಂಟು. ಅದನ್ನು ತೆರೆಯುವುದು ಹೇಗೆ, ಬರುವವರ ಪಟ್ಟಿ ನೋಡುವುದು ಹೇಗೆ ಎಂದು ಮಂಡಲದ ಫಲಕದಲ್ಲಿ ಅಂಟಿಸುವ ಸೂಚನೆ ಒಂದೇ ಹಾಳೆಯಲ್ಲಿ ಮುಗಿಯುವಂಥದ್ದು. ಆದರೆ ಕೆಲವು ವಿಷಯ ಅದರಲ್ಲಿ ಬಿಟ್ಟುಹೋದರೆ ಲೆಕ್ಕವೇ ತಪ್ಪುತ್ತದೆ.

ಸೂಚನೆಯ ಮೊದಲ ಸಾಲು ಪುಟ ಯಾರ ಹೆಸರಿನಲ್ಲಿ ಇರಬೇಕು ಎಂಬುದು. ಕಾರ್ಯದರ್ಶಿ ತನ್ನ ಸ್ವಂತ ಖಾತೆಯಿಂದ ಈವೆಂಟ್ ಮಾಡಿದರೆ ಆಯೋಜಕರ ಜಾಗದಲ್ಲಿ ಅವರ ಹೆಸರು ಬರುತ್ತದೆ. ಅವರು ಕೆಲಸದ ಮೇಲೆ ಊರು ಬಿಟ್ಟಾಗ ತಿದ್ದುಪಡಿ ಮಾಡುವವರು ಇಲ್ಲವಾಗುತ್ತಾರೆ. ಮಂಡಲಕ್ಕೆ ತನ್ನದೇ ಪೇಜ್ ಇದ್ದರೆ ಅದಕ್ಕೆ ಬದಲಾಯಿಸಿಕೊಂಡು ಅಲ್ಲಿಂದಲೇ ಮಾಡುವುದು ಒಳ್ಳೆಯದು. ಇಲ್ಲದಿದ್ದರೆ ಇನ್ನೊಬ್ಬ ಪದಾಧಿಕಾರಿಯನ್ನು ಸಹ ಆಯೋಜಕರಾಗಿ ಸೇರಿಸಿಕೊಳ್ಳಬೇಕು.

ಮುಂದಿನದು ಸುಲಭ. ಮೆನುವಿನಲ್ಲಿ Events ತೆರೆದು, ಹೊಸ ಈವೆಂಟ್ ಮಾಡುವ ಗುಂಡಿ ಒತ್ತಿ, ಹೆಸರು, ದಿನಾಂಕ, ಸಮಯ, ಸ್ಥಳ, ವಿವರ ತುಂಬುವುದು. ಸಮಯದಲ್ಲಿ AM, PM ಅದಲುಬದಲಾದರೆ ಬೆಳಗಿನ ಒಂಬತ್ತು ಗಂಟೆಯ ಶಿಬಿರ ರಾತ್ರಿಯದಾಗುತ್ತದೆ. ಸ್ಥಳಕ್ಕೆ ಬರೀ ಊರಿನ ಹೆಸರು ಹಾಕಿದರೆ ಅದೇ ಹೆಸರಿನ ಬೇರೆ ಊರು ತೋರಿಸಲೂಬಹುದು. ಆದ್ದರಿಂದ ವಿವರದಲ್ಲಿ ‘ಹಿರಿಯ ಪ್ರಾಥಮಿಕ ಶಾಲೆಯ ಸಭಾಭವನ, ಬಸ್ ನಿಲ್ದಾಣದ ಎದುರು’ ಎಂದು ಬರೆಯುವುದೇ ಸರಿ. ರಕ್ತ ಕೊಡುವವರಿಗೆ 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ ಇರಬೇಕು, ಹಿಂದಿನ ಸಲ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು ಎಂಬುದನ್ನೂ ಅಲ್ಲೇ ಹಾಕಿದರೆ ಬಂದು ಹಿಂತಿರುಗುವವರ ಸಂಖ್ಯೆ ಕಡಿಮೆಯಾಗುತ್ತದೆ.

ಈವೆಂಟ್ Public ಆಗಿರಬೇಕೋ Private ಆಗಿರಬೇಕೋ ಎಂಬ ಆಯ್ಕೆಯಲ್ಲಿ ಮಾತ್ರ ಅವಸರ ಬೇಡ. Public ಆದರೆ ಖಾತೆ ಇಲ್ಲದವರಿಗೂ ಪುಟ ಕಾಣುತ್ತದೆ, ಪಕ್ಕದ ಊರಿನ ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಕಳಿಸಬಹುದು. Private ಆದರೆ ಆಹ್ವಾನ ಹೋದವರಿಗಷ್ಟೇ. ಒಮ್ಮೆ ಪ್ರಕಟಿಸಿದ ಮೇಲೆ ಇದನ್ನು ಬದಲಿಸಲು ಬರುವುದಿಲ್ಲ. ತಪ್ಪಿದರೆ ಹೊಸ ಪುಟವನ್ನೇ ಮಾಡಬೇಕು, ಅಷ್ಟರವರೆಗೆ ಒಪ್ಪಿಗೆ ಕೊಟ್ಟವರ ಪಟ್ಟಿಯೂ ಹೋಯಿತು. ರಕ್ತದಾನಕ್ಕೆ Public, ಮಂಡಲದ ಆಂತರಿಕ ಸಭೆಗೆ Private ಎಂದು ಸೂಚನೆಯಲ್ಲೇ ಬರೆದಿಟ್ಟರೆ ಗೊಂದಲವಿಲ್ಲ.

ಇನ್ನು ಬರುವವರ ಲೆಕ್ಕ. Public ಪುಟದಲ್ಲಿ ಓದುಗರಿಗೆ Going, Interested ಎಂಬ ಎರಡು ಆಯ್ಕೆಗಳು ಕಾಣುತ್ತವೆ. ಆಯೋಜಕರು ಆ ಸಂಖ್ಯೆಗಳ ಮೇಲೆ ಒತ್ತಿದರೆ ಹೆಸರುಗಳ ಪಟ್ಟಿ ತೆರೆಯುತ್ತದೆ. ಪುಟದಲ್ಲಿ 40 ಮಂದಿ Going, 110 ಮಂದಿ Interested ಎಂದಿದೆ ಎಂದುಕೊಳ್ಳೋಣ. 150 ಎಂದು ರಕ್ತನಿಧಿಗೆ ಹೇಳುವುದು ತಪ್ಪು. Interested ಒತ್ತಿದವರಲ್ಲಿ ಪುಟದ ಸುದ್ದಿ ತಮಗೂ ಬರುತ್ತಿರಲಿ ಎನ್ನುವವರೇ ಬಹಳ. ದೂರದ ಊರಿನಲ್ಲಿ ಕೆಲಸದಲ್ಲಿರುವ ಊರಿನ ಹುಡುಗರೂ ಅದನ್ನೇ ಒತ್ತುತ್ತಾರೆ. 40 ಎನ್ನುವುದೂ ಪೂರ್ತಿ ಸತ್ಯವಲ್ಲ. ಖಾತೆ ಇಲ್ಲದವರು ಅದರಲ್ಲಿ ಸೇರಿರುವುದಿಲ್ಲ, ‘ನಾನೂ ಬರ್ತೇನೆ’ ಎಂದು ಕಮೆಂಟಿನಲ್ಲಿ ಬರೆದು ಗುಂಡಿ ಒತ್ತದೆ ಬಿಟ್ಟವರೂ ಸೇರಿರುವುದಿಲ್ಲ. ಹಾಗಾಗಿ ಸೂಚನೆಯಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಾದ ಸಾಲು ಇದು: ‘ಖಂಡಿತ ಬರುವವರು Going ಒತ್ತಿ. ಕಮೆಂಟ್ ಲೆಕ್ಕಕ್ಕೆ ಸೇರುವುದಿಲ್ಲ.’

ಸಂಖ್ಯೆಗಿಂತ ಹೆಸರುಗಳ ಪಟ್ಟಿಯೇ ಹೆಚ್ಚು ಉಪಯೋಗದ್ದು. ಎರಡು ದಿನ ಮೊದಲು ಸದಸ್ಯರು ಪಟ್ಟಿಯನ್ನು ಹಂಚಿಕೊಂಡು ಪರಿಚಯದವರಿಗೆ ಫೋನ್ ಮಾಡಿದರೆ 40ರಲ್ಲಿ ಜ್ವರ ಬಂದವರು, ಹಿಂದಿನ ತಿಂಗಳಷ್ಟೇ ರಕ್ತ ಕೊಟ್ಟವರು ಯಾರೆಂದು ಗೊತ್ತಾಗುತ್ತದೆ. ಅವರ ಹೆಸರು ತೆಗೆದು, ಖಾತೆ ಇಲ್ಲದೆ ಬಾಯಿಮಾತಿನಲ್ಲಿ ಒಪ್ಪಿದವರನ್ನು ನೋಟ್‌ಬುಕ್ಕಿನಲ್ಲಿ ಸೇರಿಸಿದಾಗ ಸಿಗುವುದು ರಕ್ತನಿಧಿಗೆ ಹೇಳಬಹುದಾದ ಸಂಖ್ಯೆ. ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ಗುಂಪುಗಳಿಗೆ ಹಾಕುವುದು ಮಾತ್ರ ಬೇಡ. ಯಾರು ಎಲ್ಲಿಗೆ ಹೋಗುತ್ತಾರೆ ಎಂಬುದು ಅವರವರ ವಿಷಯ.

ಮಳೆಯಿಂದಲೋ ಬೇರೆ ಕಾರಣದಿಂದಲೋ ದಿನ ಮುಂದೆ ಹೋದರೆ ಹೊಸ ಪುಟ ಮಾಡದೆ ಹಳೆಯದರಲ್ಲೇ Edit ಒತ್ತಿ ದಿನಾಂಕ ತಿದ್ದಬೇಕು. ಒಪ್ಪಿಗೆ ಕೊಟ್ಟವರಿಗೆ ಬದಲಾವಣೆಯ ಸೂಚನೆ ಫೋನಿಗೆ ಹೋಗುತ್ತದೆ. ಆದರೆ ಹಳೆಯ ದಿನಕ್ಕೆ Going ಒತ್ತಿದವರ ಹೆಸರು ಹಾಗೆಯೇ ಉಳಿದಿರುತ್ತದೆ, ಹೊಸ ದಿನಕ್ಕೆ ಅವರಿಗೆ ಬಿಡುವಿದೆಯೋ ಇಲ್ಲವೋ ಪುಟಕ್ಕೆ ತಿಳಿಯದು. ಆಗ ಫೋನ್ ಮಾಡುವ ಕೆಲಸವನ್ನು ಮತ್ತೊಮ್ಮೆ ಮೊದಲಿನಿಂದ ಮಾಡಬೇಕಾಗುತ್ತದೆ.