ಸಕ್ಕರೆ ತೆಗೆದರೆ ಕೇಕ್ ಏನಾಗುತ್ತದೆ?

ಓವನ್ ಇರುವ ಅನೇಕ ಮನೆಗಳ ಕಪಾಟಿನಲ್ಲಿ ಈಗ ಮೂರು ಹೊಸ ಸಿಹಿಗಳು ಕಾಣಿಸುತ್ತವೆ. ಬಾಟಲಿಯಲ್ಲಿ ಖರ್ಜೂರದ ಪಾಕ, ಪೊಟ್ಟಣದಲ್ಲಿ ತೆಂಗಿನ ಸಕ್ಕರೆ, ಪುಟ್ಟ ಡಬ್ಬಿಯಲ್ಲಿ ಸ್ಟೀವಿಯಾ. ಮೂರನ್ನೂ ‘ಸಕ್ಕರೆಗೆ ಬದಲಿ’ ಎಂದೇ ಮಾರುತ್ತಾರೆ. ಕಾಫಿಗೋ ಪಾನಕಕ್ಕೋ ಬೆರೆಸುವಾಗ ಆ ಮಾತು ಹೆಚ್ಚುಕಡಿಮೆ ಸರಿ. ಕೇಕ್ ಮಾಡಲು ಹೊರಟಾಗ ಅದು ಕೈಕೊಡುತ್ತದೆ. ಕೇಕ್‌ನಲ್ಲಿ ಸಕ್ಕರೆ ಮಾಡುವ ಕೆಲಸಗಳಲ್ಲಿ ಸಿಹಿ ಕೊಡುವುದು ಒಂದು ಮಾತ್ರ.

ಬೆಣ್ಣೆಯೊಂದಿಗೆ ಸಕ್ಕರೆಯನ್ನು ತಿಕ್ಕಿ ತಿಕ್ಕಿ ನೊರೆಯಂತೆ ಮಾಡುತ್ತೇವಲ್ಲ, ಆಗ ಹರಳುಗಳ ಚೂಪು ಅಂಚುಗಳು ಬೆಣ್ಣೆಯೊಳಗೆ ಗಾಳಿಯ ಸಣ್ಣ ಗುಳ್ಳೆಗಳನ್ನು ಸಿಕ್ಕಿಸುತ್ತವೆ. ಓವನ್‌ನಲ್ಲಿ ಹಿಗ್ಗುವುದು ಆ ಗುಳ್ಳೆಗಳೇ; ಬೇಕಿಂಗ್ ಪೌಡರ್‌ನಿಂದ ಹೊರಟ ಅನಿಲ ಅವನ್ನು ಇನ್ನಷ್ಟು ಊದಿಸುತ್ತದೆ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈದಾದ ಪಿಷ್ಟ ಬೇಗ ಬೆಂದು ಗಟ್ಟಿಯಾಗುವುದಿಲ್ಲ, ಹಿಟ್ಟಿಗೆ ಉಬ್ಬಲು ಸಮಯ ಸಿಗುತ್ತದೆ. ಹಿಟ್ಟಿನ ಅಂಟು ಬಿಗಿಯಾಗದಂತೆ ತಡೆದು ಕೇಕನ್ನು ಮೆದುವಾಗಿಸುವುದೂ, ಮೇಲ್ಮೈಗೆ ಹೊಂಬಣ್ಣ ತರುವುದೂ, ಮರುದಿನಕ್ಕೂ ಒಣಗದಂತೆ ಕಾಯುವುದೂ ಅದೇ. ಸಕ್ಕರೆಗೆ ಬದಲಾಗಿ ಬಂದದ್ದು ಇವುಗಳಲ್ಲಿ ಎಷ್ಟು ಕೆಲಸ ಹೊರುತ್ತದೆ ಎಂಬುದನ್ನೇ ನೋಡಬೇಕು.

ಒಂದು ಸಾದಾ ಟೀ ಕೇಕ್ ಇಟ್ಟುಕೊಂಡು ನೋಡೋಣ. ಮೈದಾ 200 ಗ್ರಾಂ, ಸಕ್ಕರೆ 150, ಬೆಣ್ಣೆ 100, ಎರಡು ಮೊಟ್ಟೆ, ಹಾಲು 120 ಮಿಲಿಲೀಟರ್, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್. ಓವನ್ 180 ಡಿಗ್ರಿ ಸೆಲ್ಸಿಯಸ್. ಇದರಲ್ಲಿ ಬೇರೆಲ್ಲವನ್ನೂ ಹಾಗೇ ಇಟ್ಟು ಸಕ್ಕರೆಯನ್ನಷ್ಟೇ ಬದಲಿಸುತ್ತಾ ಹೋಗೋಣ.

ಮೊದಲು ಖರ್ಜೂರದ ಪಾಕ. ಅರಬ್ ನಾಡುಗಳಲ್ಲಿ ಇದಕ್ಕೆ ‘ದಿಬ್ಸ್’ ಎನ್ನುತ್ತಾರೆ, ಅಲ್ಲಿ ಇದು ಬಹಳ ಹಳೆಯ ಸಿಹಿ. ಬಹ್ರೇನ್ ಕೋಟೆಯ ಉತ್ಖನನದಲ್ಲಿ ನೆಲದುದ್ದಕ್ಕೂ ಸಾಲು ಸಾಲು ಕಾಲುವೆಗಳಿರುವ ಕೋಣೆಗಳು ಸಿಕ್ಕಿವೆ. ಖರ್ಜೂರ ತುಂಬಿದ ಚೀಲಗಳನ್ನು ಅವುಗಳ ಮೇಲೆ ಒಂದರ ಮೇಲೊಂದು ಒಟ್ಟುತ್ತಿದ್ದರು. ಸೆಖೆಗೆ, ಮೇಲಿನ ಚೀಲಗಳ ಭಾರಕ್ಕೆ ರಸ ತಾನಾಗಿ ಒಸರಿ ಕಾಲುವೆಗಳಲ್ಲಿ ಹರಿದು ಮೂಲೆಯ ಗಡಿಗೆಗೆ ಬೀಳುತ್ತಿತ್ತು. ಒಲೆಯ ಕೆಲಸವೇ ಇರಲಿಲ್ಲ. ಈಗಿನ ಕಾರ್ಖಾನೆಗಳಲ್ಲಿ ಖರ್ಜೂರವನ್ನು ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಸೋಸಿ, ಸುಮಾರು 70ರಿಂದ 75ರಷ್ಟು ಸಕ್ಕರೆ ಅಂಶ ಬರುವವರೆಗೆ ನೀರನ್ನು ಆವಿಯಾಗಿಸುತ್ತಾರೆ. ಮನೆಯಲ್ಲೂ ಇದು ಸಾಧ್ಯ. ಬೀಜ ತೆಗೆದ ಅರ್ಧ ಕಿಲೋ ಖರ್ಜೂರವನ್ನು ಒಂದು ಲೀಟರ್ ಬಿಸಿನೀರಿನಲ್ಲಿ ನೆನೆಸಿ, ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಮಲ್ಲು ಬಟ್ಟೆಯಲ್ಲಿ ಹಿಂಡಿ, ಆ ರಸವನ್ನು ಮತ್ತೆ ಒಲೆಯ ಮೇಲಿಟ್ಟು ಬತ್ತಿಸಬೇಕು. ತಣ್ಣಗಿನ ತಟ್ಟೆಯ ಮೇಲೆ ಬಿದ್ದ ಹನಿ ಹರಡದೆ ನಿಧಾನವಾಗಿ ಜಾರಿದರೆ ಇಳಿಸಿಬಿಡಿ. ಒಲೆಯ ಮೇಲೆ ಬೇಕಾದಷ್ಟು ದಪ್ಪ ಕಂಡಿತೆಂದರೆ ತಡವಾಯಿತೆಂದೇ ಅರ್ಥ, ಆರಿದ ಮೇಲೆ ಅದು ಇನ್ನೂ ಬಿಗಿಯಾಗುತ್ತದೆ.

ರುಚಿಯಲ್ಲಿ ಇದು ನಮ್ಮ ಮಲೆನಾಡಿನ ಜೋನಿ ಬೆಲ್ಲದ ನೆಂಟ. ಅದಕ್ಕಿಂತ ಕೊಂಚ ಹುಳಿ, ಹಣ್ಣಿನ ವಾಸನೆ, ಕೊನೆಗೊಂದು ಸಣ್ಣ ಒಗರು. ಇದರಲ್ಲಿರುವುದು ಬಹುಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್. ಈ ಎರಡೂ ಹಾಲು, ಮೊಟ್ಟೆ, ಮೈದಾಗಳ ಪ್ರೋಟೀನ್ ಜೊತೆ ಸೇರಿ ಬಲು ಬೇಗ ಕಂದುಬಣ್ಣಕ್ಕೆ ತಿರುಗುತ್ತವೆ. ಹೀಗಾಗಿ ಖರ್ಜೂರದ ಕೇಕ್‌ನಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಒಂದೇ: ಮೇಲೆ ಕಪ್ಪಾಗಿ ಸೀದಿರುತ್ತದೆ, ಕಡ್ಡಿ ಚುಚ್ಚಿದರೆ ಒಳಗೆ ಹಸಿ ಹಿಟ್ಟು.

ಲೆಕ್ಕ ಹೀಗೆ. 150 ಗ್ರಾಂ ಸಕ್ಕರೆಗೆ ಬದಲಾಗಿ 200 ಗ್ರಾಂ ಪಾಕ ತೆಗೆದುಕೊಳ್ಳಿ. ಅದರಲ್ಲಿ ಸಕ್ಕರೆ ಅಂಶ ಸುಮಾರು 145 ಗ್ರಾಂ, ಉಳಿದದ್ದು ಹೆಚ್ಚುಕಡಿಮೆ ನೀರೇ. ಅಂದರೆ ಪಾಕದ ಜೊತೆ ಸುಮಾರು 50 ಮಿಲಿಲೀಟರ್ ನೀರು ಹಿಟ್ಟಿಗೆ ಸೇರಿದಂತಾಯಿತು, ಹಾಲನ್ನು 120ರಿಂದ 70ಕ್ಕೆ ಇಳಿಸಬೇಕು. ಪಾಕ ತುಸು ಹುಳಿಯಾದ್ದರಿಂದ ಕಾಲು ಟೀ ಚಮಚ ಅಡುಗೆ ಸೋಡಾ ಸೇರಿಸಿ, ಬೇಕಿಂಗ್ ಪೌಡರನ್ನು ಒಂದು ಚಮಚಕ್ಕೆ ತನ್ನಿ. ಹರಳೇ ಇಲ್ಲದ ಕಾರಣ ಬೆಣ್ಣೆಯೊಂದಿಗೆ ತಿಕ್ಕಿ ಗಾಳಿ ತುಂಬಿಸುವ ಪ್ರಯತ್ನ ವ್ಯರ್ಥ. ಬೆಣ್ಣೆ ಕರಗಿಸಿ ಪಾಕಕ್ಕೆ ಬೆರೆಸಿ, ಮೊಟ್ಟೆಯನ್ನು ಪ್ರತ್ಯೇಕವಾಗಿ ಚೆನ್ನಾಗಿ ಕದಡಿ ಸೇರಿಸುವುದೇ ದಾರಿ. ಓವನ್ 160 ಡಿಗ್ರಿ ಸಾಕು. ಅರ್ಧ ಗಂಟೆ ಕಳೆದ ಮೇಲೆ ತವರದ ಹಾಳೆ ಮುಚ್ಚಿ. ಕೇಕ್ ಎತ್ತರಕ್ಕೆ ಬರುವುದಿಲ್ಲ, ಒತ್ತಾಗಿ, ತೇವವಾಗಿ ಬರುತ್ತದೆ. ಮರುದಿನ ಇನ್ನೂ ಚೆನ್ನಾಗಿರುತ್ತದೆ. ಶುಂಠಿ, ದಾಲ್ಚಿನ್ನಿ, ಅಕ್ರೋಟು, ಕಾಫಿ ಇವಕ್ಕೆಲ್ಲ ಚೆನ್ನಾಗಿ ಹೊಂದುತ್ತದೆ. ವೆನಿಲಾ ಸ್ಪಂಜಿನಂಥ ನಾಜೂಕಿನ ಕೇಕ್‌ಗೆ ಇದನ್ನು ಹಾಕಬೇಡಿ, ವೆನಿಲಾ ಇದ್ದದ್ದೇ ಗೊತ್ತಾಗುವುದಿಲ್ಲ.

ತೆಂಗಿನ ಸಕ್ಕರೆಯನ್ನು ಕಾಯಿಯಿಂದ ಮಾಡುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಅದು ಬರುವುದು ಇನ್ನೂ ಬಿರಿಯದ ಹೊಂಬಾಳೆಯಿಂದ. ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು ಹದಮಾಡಿ, ತುದಿಯನ್ನು ದಿನವೂ ತೆಳುವಾಗಿ ಕೊಯ್ಯುತ್ತಾ ಹೋದರೆ ನೀರಾ ತೊಟ್ಟಿಕ್ಕುತ್ತದೆ. ಹೊರಗಿನ ಬಿಸಿಗೆ ಅದು ಕೆಲವೇ ಗಂಟೆಗಳಲ್ಲಿ ಹುಳಿಯೊಡೆದು ಸೇಂದಿಯಾಗತೊಡಗುತ್ತದೆ. ಹುಳಿಯಾದ ನೀರಾದ ಸಕ್ಕರೆ ಹರಳುಗಟ್ಟುವುದಿಲ್ಲ, ಎಷ್ಟು ಕುದಿಸಿದರೂ ಅಂಟು ಪಾಕವಾಗಿಯೇ ಉಳಿಯುತ್ತದೆ. ಹಿಂದೆ ಮಡಕೆಯ ಒಳಗೆ ಸುಣ್ಣ ಬಳಿದು ಇದನ್ನು ತಡೆಯುತ್ತಿದ್ದರು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಹೊಂಬಾಳೆಗೆ ನೇರವಾಗಿ ಸಿಕ್ಕಿಸುವ ಮಂಜುಗಡ್ಡೆಯ ಪೆಟ್ಟಿಗೆಯನ್ನು ರೂಪಿಸಿತು. ಅದರಲ್ಲಿ ಸುಣ್ಣವಿಲ್ಲದೆ, ಹುಳಿಯದೆ ಇಳಿಯುವ ರಸಕ್ಕೆ ಸಂಸ್ಥೆ ಇಟ್ಟ ಹೆಸರು ‘ಕಲ್ಪರಸ’. ಈ ರಸದಲ್ಲಿ ಸಕ್ಕರೆ ಸುಮಾರು ನೂರಕ್ಕೆ 15ರಷ್ಟು. ಹಾಗಾಗಿ ಒಂದು ಕಿಲೋ ತೆಂಗಿನ ಸಕ್ಕರೆಗೆ ಆರೇಳು ಲೀಟರ್ ರಸ ಬತ್ತಬೇಕು. ಪಾಕ ದಪ್ಪವಾದ ಮೇಲೆ ಉರಿ ತಗ್ಗಿಸಿ, ಒಲೆಯಿಂದ ಇಳಿಸಿ, ಕೈಬಿಡದೆ ತಿರುವುತ್ತಿದ್ದರೆ ಅದು ಪುಡಿಪುಡಿಯಾಗಿ ಒಡೆಯುತ್ತದೆ. ಬೆಲೆ ಏಕೆ ಅಷ್ಟು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ: ದಿನವೂ ಮರ ಹತ್ತುವ ಕೈಗಳು, ಗಂಟೆಗಟ್ಟಲೆ ಉರಿಯುವ ಒಲೆ.

ಇದರಲ್ಲಿ ಮುಕ್ಕಾಲು ಭಾಗ ಮಾಮೂಲಿ ಸಕ್ಕರೆಯಲ್ಲಿರುವ ಸುಕ್ರೋಸ್‌ ಆದ್ದರಿಂದ ಕೇಕ್‌ನಲ್ಲಿ ಸಕ್ಕರೆಗೆ ಅತಿ ಹತ್ತಿರದ ಬದಲಿ ಇದೇ. ತೂಕಕ್ಕೆ ತೂಕ, 150ಕ್ಕೆ 150 ಹಾಕಬಹುದು. ಆದರೆ ಕಣಗಳು ಒರಟು, ಬೇಗ ಕರಗುವುದಿಲ್ಲ. ಹಾಗೇ ಹಾಕಿದರೆ ಬೆಂದ ಕೇಕ್‌ನ ಮೇಲೆ ಕಂದು ಚುಕ್ಕೆಗಳು ಏಳುತ್ತವೆ. ಮಿಕ್ಸಿಯಲ್ಲಿ ಒಂದು ಸುತ್ತು ಪುಡಿಮಾಡಿ, ಹಾಲಿಗೆ ಇನ್ನೊಂದು ಚಮಚ ಸೇರಿಸಿ, ಓವನ್ 170ಕ್ಕೆ ಇಳಿಸಿ. ಹಿಟ್ಟೇ ಕಂದಾಗಿರುವುದರಿಂದ ಬಣ್ಣ ನೋಡಿ ಬೆಂದಿತೆಂದು ನಿರ್ಧರಿಸಲಾಗದು, ಕಡ್ಡಿಯನ್ನೇ ನಂಬಬೇಕು. ರುಚಿ ಕ್ಯಾರಮೆಲ್‌ನದು, ತೆಂಗಿನಕಾಯಿಯದಲ್ಲ. ಬಿಸ್ಕತ್ತಿಗೆ ಇದು ಬಹಳ ಒಳ್ಳೆಯದು. ಅಗ್ಗದ ಪೊಟ್ಟಣಗಳಲ್ಲಿ ಕಬ್ಬಿನ ಸಕ್ಕರೆಯ ಬೆರಕೆ ಇರಬಹುದು, ನಾಲಿಗೆಗೆ ಅದು ಸುಲಭವಾಗಿ ಸಿಗದು. ತೆಂಗು ಮತ್ತು ಕಬ್ಬು ಗಾಳಿಯ ಇಂಗಾಲವನ್ನು ಹೀರುವ ಬಗೆ ಬೇರೆ ಬೇರೆ ಇರುವುದರಿಂದ ಪ್ರಯೋಗಾಲಯದಲ್ಲಿ ಇಂಗಾಲದ ಐಸೊಟೋಪ್ ಪರೀಕ್ಷೆ ಮಾಡಿದರೆ ಕಲಬೆರಕೆ ಬಯಲಾಗುತ್ತದೆ.

ಸ್ಟೀವಿಯಾದ ಕಥೆಯೇ ಬೇರೆ. ಪರಾಗ್ವೆ ಸೀಮೆಯ ಗುವಾರಾನಿ ಜನ ಈ ಎಲೆಯನ್ನು ತಮ್ಮ ಕಷಾಯಕ್ಕೆ ಹಾಕಿ ಕುಡಿಯುತ್ತಿದ್ದರು. 1931ರಲ್ಲಿ ಇಬ್ಬರು ಫ್ರೆಂಚ್ ರಸಾಯನತಜ್ಞರು ಅದರ ಸಿಹಿಯನ್ನು ಬೇರ್ಪಡಿಸಿದರು. 1970ರ ದಶಕದಲ್ಲಿ ಜಪಾನ್ ಅದನ್ನು ಮಾರುಕಟ್ಟೆಗೆ ತಂದಿತು. ಕುಂಡದಲ್ಲಿ ಬೆಳೆದ ಎಲೆ ಜಗಿದರೆ ಸಿಹಿ ನಿಜ, ಅದರ ಬೆನ್ನಿಗೇ ಹಸಿರು ವಾಸನೆ, ಜೇಷ್ಠಮಧುವಿನಂಥ ಕಹಿ. ಕಾರ್ಖಾನೆಯಲ್ಲಿ ಒಣಗಿದ ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ, ಕಶ್ಮಲಗಳನ್ನು ಕೆಳಗಿಳಿಸಿ, ವಿಶೇಷ ರಾಳದ ಮೂಲಕ ಹಾಯಿಸಿ, ಅದಕ್ಕೆ ಅಂಟಿದ ಸಿಹಿಯನ್ನು ಆಲ್ಕೋಹಾಲ್‌ನಿಂದ ತೊಳೆದು ತೆಗೆದು ಹರಳುಗಟ್ಟಿಸುತ್ತಾರೆ. ಸಿಗುವ ಬಿಳಿಪುಡಿ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಅದರಲ್ಲಿ ರೆಬಾಡಿಯೊಸೈಡ್ ಎ ಎಂಬ ಅಂಶ ಹೆಚ್ಚಿದ್ದರೆ ಕಹಿ ಕಡಿಮೆ. ಸಕ್ಕರೆಯ ಸಿಹಿ ಬಾಯಿಗಿಟ್ಟ ಕೂಡಲೇ ಬಂದು ಹೋಗುತ್ತದೆ. ಇದರದು ತಡವಾಗಿ ಬಂದು ಬಹಳ ಹೊತ್ತು ಉಳಿಯುತ್ತದೆ.

ಓವನ್‌ನ ಶಾಖಕ್ಕೆ ಸ್ಟೀವಿಯಾ ಕೆಡುವುದಿಲ್ಲ, ಆ ಭಯ ಬೇಡ. ತೊಂದರೆ ಇರುವುದು ತೂಕದಲ್ಲಿ. ನಮ್ಮ ಟೀ ಕೇಕ್‌ಗೆ ಬೇಕಾಗುವ ಶುದ್ಧ ಸ್ಟೀವಿಯಾ ಸುಮಾರು 0.6 ಗ್ರಾಂ, ಅಂದರೆ ದೊಡ್ಡದೊಂದು ಚಿಟಿಕೆ. ಹಿಟ್ಟಿನ ಒಟ್ಟು ತೂಕ 670 ಗ್ರಾಂ ಆಸುಪಾಸು. ಅದರಲ್ಲಿ ಸಕ್ಕರೆಯ 150 ಗ್ರಾಂ ಮಾಯವಾದರೆ ಐದನೇ ಒಂದು ಭಾಗಕ್ಕಿಂತ ಹೆಚ್ಚೇ ಹೋದಂತೆ. ಗಾಳಿ ಹಿಡಿಯುವ ಹರಳಿಲ್ಲ, ಪಿಷ್ಟವನ್ನು ತಡೆಯುವ ಸಕ್ಕರೆಯಿಲ್ಲ. ಹಿಟ್ಟು ಉಬ್ಬುವ ಮೊದಲೇ ಬೆಂದು ನಿಲ್ಲುತ್ತದೆ. ಓವನ್‌ನಿಂದ ಹೊರಬರುವುದು ಬಿಳಿಚಿದ, ಕುಳ್ಳಗಿನ, ರಬ್ಬರ್‌ನಂತೆ ಎಳೆಯುವ ಕೇಕ್, ಮರುದಿನಕ್ಕೆ ಬ್ರೆಡ್ಡಿನಂತೆ ಒಣಗಿರುತ್ತದೆ. ಸಿಹಿ ಸಾಲದೆಂದು ಇನ್ನೊಂದು ಚಿಟಿಕೆ ಹಾಕಿದರೆ ಹೆಚ್ಚುವುದು ಕಹಿ ಮಾತ್ರ.

ಇದಕ್ಕೆ ನಾನು ಕಂಡ ಉಪಾಯ ಅರ್ಧಕ್ಕೆ ನಿಲ್ಲುವುದು. 75 ಗ್ರಾಂ ಸಕ್ಕರೆ ಹಾಗೇ ಇರಲಿ, ಉಳಿದ ಅರ್ಧದ ಸಿಹಿಗೆ ಸ್ಟೀವಿಯಾವನ್ನು ಹಾಲಿನಲ್ಲಿ ಕರಗಿಸಿ ಹಾಕಿ, ಕಳೆದುಹೋದ ತೂಕಕ್ಕೆ ನುರಿದ ಬಾಳೆಹಣ್ಣೋ ಬೇಯಿಸಿದ ಸೇಬೋ ಸೇರಿಸಿ, ಹಾಲು ಒಂದಿಷ್ಟು ಕಡಿಮೆ ಮಾಡಿ. ನಿಂಬೆ ಸಿಪ್ಪೆ ಅಥವಾ ಕೋಕೋ ಇದ್ದರೆ ಕಹಿ ಅಡಗುತ್ತದೆ. ‘ಸಕ್ಕರೆಯಷ್ಟೇ ಅಳತೆ’ ಎಂದು ಬರೆದ ಪೊಟ್ಟಣಗಳಲ್ಲಿ ಬಹುಪಾಲು ಇರುವುದು ಎರಿಥ್ರಿಟಾಲ್ ಅಥವಾ ಮಾಲ್ಟೊಡೆಕ್ಸ್‌ಟ್ರಿನ್, ಸ್ಟೀವಿಯಾ ನೆಪಮಾತ್ರಕ್ಕೆ. ಎರಿಥ್ರಿಟಾಲ್ ಗಾತ್ರ ಕೊಡುತ್ತದೆ, ಬಣ್ಣ ಕೊಡುವುದಿಲ್ಲ, ಬಾಯಲ್ಲಿ ಪುದೀನದಂಥ ತಣ್ಣನೆ ಅನುಭವ ಉಳಿಸುತ್ತದೆ. ಮಾಲ್ಟೊಡೆಕ್ಸ್‌ಟ್ರಿನ್ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ, ಮಧುಮೇಹಿಗಳು ಪೊಟ್ಟಣದ ಹಿಂಬದಿಯನ್ನು ಓದಲೇಬೇಕು.

ಮಧುಮೇಹಿಗಳಿಗೆ ಇನ್ನೂ ಒಂದು ಮಾತು. ಖರ್ಜೂರದ ಪಾಕವೂ ತೆಂಗಿನ ಸಕ್ಕರೆಯೂ ಸಕ್ಕರೆಯೇ. ಅವುಗಳಲ್ಲಿರುವ ಪೊಟ್ಯಾಶಿಯಂ, ಕಬ್ಬಿಣ ಒಂದು ತುಂಡು ಕೇಕ್‌ನ ಲೆಕ್ಕಕ್ಕೆ ಅತ್ಯಲ್ಪ, ಶಕ್ತಿಯ ಲೆಕ್ಕದಲ್ಲಿ ತೆಂಗಿನ ಸಕ್ಕರೆಗೂ ಬಿಳಿ ಸಕ್ಕರೆಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಕಡಿಮೆ ಗ್ಲೈಸೀಮಿಕ್ ಸೂಚ್ಯಂಕದ ಮಾತು ನಂಬಿ ಎರಡು ತುಂಡು ಹೆಚ್ಚು ತಿನ್ನಬೇಡಿ. ಸ್ಟೀವಿಯಾದಲ್ಲಿ ಶಕ್ತಿ ಇಲ್ಲವೆನ್ನಬಹುದು. ಆದರೂ ತೂಕ ಇಳಿಸಲೆಂದು ಇಂಥ ಸಿಹಿಕಾರಕಗಳನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ.

ನನ್ನನ್ನು ಕೇಳಿದರೆ ಕೇಕ್, ಬಿಸ್ಕತ್ತಿಗೆ ತೆಂಗಿನ ಸಕ್ಕರೆ. ಮಸಾಲೆಯ, ಹಣ್ಣಿನ ಒತ್ತು ಕೇಕ್‌ಗೆ ಖರ್ಜೂರದ ಪಾಕ. ಸ್ಟೀವಿಯಾವನ್ನು ಓವನ್‌ನಿಂದ ದೂರವಿಟ್ಟು ಕಸ್ಟರ್ಡ್, ಪಾಯಸ, ನಿಂಬೆ ಶರಬತ್ತಿಗೆ ಬಳಸಿ. ಅಲ್ಲಿ ಸಕ್ಕರೆಯಿಂದ ನಮಗೆ ಬೇಕಾಗಿರುವುದು ಸಿಹಿಯೊಂದೇ.